ಬಂಗಾಳಿಯಲ್ಲಿ ಕಿವಿ ನಂಬಿ ಬರೆಯೋಕಾಗಲ್ಲ

ಪ್ರಶ್ನೆ: ಸರ್, ನಮ್ಮ ಯಜಮಾನರಿಗೆ ವರ್ಗವಾಗಿ ಕೋಲ್ಕತ್ತಕ್ಕೆ ಬಂದಿದ್ದೇವೆ. ಮಗಳು ಐದನೇ ಕ್ಲಾಸು. ಬಂಗಾಳಿ ಮಾತು ಬೇಗ ಬಂತು, ಆದರೆ ಉಕ್ತಲೇಖನದ ತುಂಬಾ ಕೆಂಪು ಶಾಯಿ. ಶ, ಷ, ಸ ಮೂರೂ ಅದಲುಬದಲು, ಹ್ರಸ್ವ ದೀರ್ಘವೂ ಹಾಗೇ. ಮೊನ್ನೆ ಬರೆದ ವಾಕ್ಯವನ್ನು ಕನ್ನಡ ಅಕ್ಷರದಲ್ಲಿ ಕೊಡುತ್ತಿದ್ದೇನೆ: ‘ಶಿತಕಾಲೆ ಮಾಶಿರ ಬಾಡಿ ಥೇಕೆ ಆಶಾರ ಶಮಯ ನದಿರ ಕುಲೆ ಏಕಟಾ ಶಾಪ ದೇಖೆಛಿ.’ ‘ದಿನ’ ಅನ್ನೋದನ್ನು ‘ದೀನ’ ಅಂತ ಬರೆದಿದ್ದಾಳೆ. ಕನ್ನಡ ತಪ್ಪಿಲ್ಲದೆ ಬರೆಯುವ ಹುಡುಗಿ. ಇದಕ್ಕೆ ನಿಯಮ ಏನಾದರೂ ಇದೆಯಾ, ಅಥವಾ ಬಾಯಿಪಾಠವೇ ಗತಿಯಾ?

ಉತ್ತರ: ನಿಮ್ಮ ಮಗಳ ಕಿವಿ ಚೆನ್ನಾಗಿದೆ, ತೊಂದರೆ ಇರೋದೇ ಅಲ್ಲಿ. ಕೇಳಿದ್ದನ್ನು ಕೇಳಿದ ಹಾಗೇ ಬರೆದಿದ್ದಾಳೆ. ಕನ್ನಡದಲ್ಲಿ ಅದು ನಡೆಯುತ್ತೆ, ಬಂಗಾಳಿಯಲ್ಲಿ ನಡೆಯಲ್ಲ.

ಬಂಗಾಳಿ ಲಿಪಿಯಲ್ಲಿ ನಮ್ಮ ಹಾಗೇ ಶ, ಷ, ಸ ಮೂರೂ ಇವೆ. ಆದರೆ ಶಿಷ್ಟ ಉಚ್ಚಾರಣೆಯಲ್ಲಿ ಮೂರೂ ಹೆಚ್ಚುಕಮ್ಮಿ ನಮ್ಮ ಶಕಾರವೇ. ಸಾತ (ಏಳು) ಅಂತ ಬರೆದು ‘ಶಾತ್’ ಅನ್ನುತ್ತಾರೆ. ಬಿಷ ಅಂದರೆ ವಿಷ, ಬಿಶ ಅಂದರೆ ಇಪ್ಪತ್ತು, ಎರಡೂ ‘ಬಿಶ್’. ಸಬ (ಎಲ್ಲಾ) ಮತ್ತು ಶಬ (ಶವ) ಕಿವಿಗೆ ಒಂದೇ. ಸೋನಾ (ಚಿನ್ನ), ಶೋನಾ (ಕೇಳುವುದು) ಕೂಡ ಒಂದೇ. ಹಾಗಾಗಿ ಬಂಗಾಳಿಗಳು ಅಕ್ಷರಗಳಿಗೆ ಹೆಸರಿಟ್ಟು ಕರೆಯುತ್ತಾರೆ: ತಾಲಬ್ಯ ಶ, ಮೂರ್ಧನ್ಯ ಷ, ದಂತ್ಯ ಸ. ಬಾಯಲ್ಲಿ ಇವು ‘ತಾಲೊಬ್ಬೊ ಶೊ, ಮುರ್ಧೊನ್ನೊ ಶೊ, ದೊಂತೊ ಶೊ’ ಆಗುತ್ತವೆ. ಕೊನೆಯ ಅಕ್ಷರ ಮೂರರಲ್ಲೂ ‘ಶೊ’ ಅನ್ನೋದು ಗಮನಿಸಿ. ಫೋನಿನಲ್ಲಿ ಹೆಸರು ಬರೆಸುವಾಗ ‘ಯಾವ ಶೊ?’ ಅಂತ ಕೇಳೋದು ಅಲ್ಲಿ ಮಾಮೂಲು.

ಈ ಒಂದೇ ಶಕಾರ ಇವತ್ತಿನದಲ್ಲ. ಬಂಗಾಳಿಯ ಮೂಲ ಮಾಗಧಿ ಪ್ರಾಕೃತದ ಕಡೆಯದು. ಸಂಸ್ಕೃತ ನಾಟಕಗಳಲ್ಲಿ ಮಾಗಧಿ ಮಾತಾಡುವ ಪಾತ್ರಗಳು ಸಕಾರ ಬಂದಲ್ಲೆಲ್ಲ ಶಕಾರ ಹೇಳುತ್ತವೆ. ನಮ್ಮಲ್ಲಿ ಆದದ್ದು ಇದಕ್ಕೆ ಉಲ್ಟಾ. ಕನ್ನಡದ ತದ್ಭವಗಳು ಸಕಾರದ ಕಡೆ ಹೋದವು: ವರ್ಷ ‘ವರುಸ’ ಆಯಿತು, ಆಕಾಶ ‘ಆಗಸ’ ಆಯಿತು. ಆದರೆ ಸಂಸ್ಕೃತದ ಪದ ಹಾಗೇ ಬಂದಾಗ ಇಬ್ಬರೂ ಸಂಸ್ಕೃತದ ಅಕ್ಷರವನ್ನೇ ಬರೆಯುತ್ತೇವೆ. ನಾವು ಓದುವಾಗಲೂ ಬೇರೆ ಬೇರೆಯಾಗಿ ಓದಲು ಪ್ರಯತ್ನಪಡುತ್ತೇವೆ, ಅವರು ಆ ಗೋಜಿಗೆ ಹೋಗಲ್ಲ, ಅಷ್ಟೇ.

ಇನ್ನೊಂದು ತಮಾಷೆ ಇದೆ. ಬಂಗಾಳಿಗಳ ಬಾಯಲ್ಲಿ ಶುದ್ಧ ಸಕಾರ ಬರೋದೇ ಇಲ್ಲ ಅಂತಲ್ಲ. ತ, ಥ, ನ, ರ, ಲ ಜೊತೆ ಒತ್ತಕ್ಷರವಾದಾಗ ಬರುತ್ತೆ. ರಾಸ್ತಾ, ಸ್ನಾನ ಸರಿಯಾಗೇ ಕೇಳುತ್ತವೆ. ಆದರೆ ಅದೇ ನಿಯಮದಲ್ಲಿ ಶ್ರೀ ‘ಸ್ರಿ’ ಆಗುತ್ತೆ, ಶ್ರಾಬಣ ‘ಸ್ರಾಬೋನ್’ ಆಗುತ್ತೆ, ಪ್ರಶ್ನ ‘ಪ್ರೊಸ್ನೊ’ ಆಗುತ್ತೆ. ಅಂದರೆ ಸ ಬರೆದಲ್ಲಿ ಶ ಕೇಳುತ್ತೆ, ಶ ಬರೆದಲ್ಲಿ ಸ ಕೇಳುತ್ತೆ. ಕಿವಿ ನಂಬಿದವರು ಎರಡೂ ಕಡೆ ಸೋಲುತ್ತಾರೆ.

ಸ್ವರದ ಕಥೆ ಕನ್ನಡದವರಿಗೆ ಇನ್ನೂ ಕಷ್ಟ. ಬಂಗಾಳಿ ಮಾತಿನಲ್ಲಿ ಇ-ಈ, ಉ-ಊ ನಡುವೆ ಅರ್ಥ ಬದಲಿಸುವಂಥ ವ್ಯತ್ಯಾಸವೇ ಇಲ್ಲ. ಆದರೆ ಉದ್ದ ಗಿಡ್ಡ ಕೇಳೋದಂತೂ ಕೇಳುತ್ತೆ, ಅದಕ್ಕೆ ಕಾರಣ ಬೇರೆ. ಪದ ಒಂದೇ ಉಸಿರಿನ ತುಂಡಾಗಿದ್ದರೆ ಸ್ವರ ತಾನಾಗಿ ಉದ್ದವಾಗುತ್ತೆ. ದಿನ ಅಂತ ಬರೆದದ್ದನ್ನು ಅವರು ಕೊನೆಯ ಅ ಬಿಟ್ಟು ‘ದೀನ್’ ಅನ್ನುತ್ತಾರೆ. ಅದಕ್ಕೆ ಪ್ರತ್ಯಯ ಸೇರಿ ದಿನೇ ಆದರೆ ‘ದಿನೆ’, ಮತ್ತೆ ಗಿಡ್ಡ. ನದೀ ಅಂತ ಬರೆದು ‘ನೊದಿ’ ಅನ್ನುತ್ತಾರೆ, ಕೊನೆಯದು ಗಿಡ್ಡ. ಶೀತ ಒಂದೇ ಇದ್ದಾಗ ಉದ್ದ ಕೇಳುತ್ತೆ, ಶೀತಕಾಲ ಅಂದಾಗ ಗಿಡ್ಡ. ಬರವಣಿಗೆ ಮಾತ್ರ ಬದಲಾಗಲ್ಲ.

ಬಂಗಾಳಿ ಮನೆಯ ಮಗುವಿಗೆ ಈ ಉದ್ದ ಗಿಡ್ಡ ಕಿವಿಗೇ ಬೀಳಲ್ಲ, ಯಾಕೆಂದರೆ ಅವರ ಭಾಷೆಯಲ್ಲಿ ಅದಕ್ಕೆ ಬೆಲೆ ಇಲ್ಲ. ಕನ್ನಡದ ಮಗುವಿಗೆ ಬೀಳುತ್ತೆ. ‘ಕರಿ’ ಮತ್ತು ‘ಕರೀ’ ಬೇರೆ ಅಂತ ಹುಟ್ಟಿದಾಗಿಂದ ಕೇಳಿದ ಕಿವಿ ಅದು. ಹಾಗಾಗಿ ನಿಮ್ಮ ಮಗಳು ದಿನವನ್ನು ‘ದೀನ’ (ಬಡವ) ಅಂತ, ನದೀಯನ್ನು ‘ನದಿ’ ಅಂತ ಬರೆದಳು. ಅಲ್ಲಿ ಹುಟ್ಟಿ ಬೆಳೆದ ಮಕ್ಕಳೂ ತಪ್ಪು ಮಾಡುತ್ತಾರೆ, ಆದರೆ ಅವರದು ಊಹೆಯ ತಪ್ಪು. ಇವಳದು ಪ್ರತಿ ಸಲವೂ ಒಂದೇ ಥರ ಬರುವ ತಪ್ಪು. ತಿದ್ದೋಕೆ ಇದೇ ಸುಲಭ.

ಹಾಗಾದರೆ ಕಿವಿ ಬಿಟ್ಟು ಏನನ್ನು ಹಿಡಿಯಬೇಕು? ಪದ ಎಲ್ಲಿಂದ ಬಂತು ಅನ್ನೋದನ್ನು. ಬಂಗಾಳಿ ಕಾಗುಣಿತದ ಅರ್ಧಕ್ಕಿಂತ ಜಾಸ್ತಿ ಗೊಂದಲ ಈ ಒಂದು ಪ್ರಶ್ನೆಗೆ ಬಗೆಹರಿಯುತ್ತೆ. ರವೀಂದ್ರನಾಥ ಠಾಕೂರರ ಒತ್ತಾಯದ ಮೇಲೆ ಕಲ್ಕತ್ತಾ ವಿಶ್ವವಿದ್ಯಾಲಯ ಒಂದು ಸಮಿತಿ ಮಾಡಿ, 1936ರಲ್ಲಿ ಕಾಗುಣಿತದ ನಿಯಮಗಳನ್ನು ಪ್ರಕಟಿಸಿತು. ಆ ಸಮಿತಿಯ ಅಧ್ಯಕ್ಷರು ರಾಜಶೇಖರ ಬಸು. ಆಮೇಲೆ ಢಾಕಾದ ಬಾಂಗ್ಲಾ ಅಕಾಡೆಮಿ 1992ರಲ್ಲಿ, ಕೋಲ್ಕತ್ತದ ಪಶ್ಚಿಮಬಂಗ ಬಾಂಗ್ಲಾ ಅಕಾಡೆಮಿ 1997ರಲ್ಲಿ ತಮ್ಮ ನಿಯಮ ಕೊಟ್ಟವು. ಚಿಲ್ಲರೆ ವಿಷಯಗಳಲ್ಲಿ ಜಗಳ ಇದ್ದರೂ ಬುಡ ಒಂದೇ. ತತ್ಸಮ ಪದವಾದರೆ ಸಂಸ್ಕೃತದಲ್ಲಿ ಇದ್ದ ಹಾಗೆ ಬರೆಯಬೇಕು. ತದ್ಭವ, ದೇಶಿ, ವಿದೇಶಿ ಪದವಾದರೆ 1936ರಲ್ಲಿ ಕೆಲವು ಕಡೆ ದೀರ್ಘಕ್ಕೂ ಅವಕಾಶ ಇತ್ತು, ಈಗ ಹ್ರಸ್ವ ಇ, ಹ್ರಸ್ವ ಉ ಮಾತ್ರ.

ಈ ಎರಡನೇ ಭಾಗ ದೊಡ್ಡ ಸಮಾಧಾನ. ಪಕ್ಷೀ ದೀರ್ಘ, ಆದರೆ ಅದರ ತದ್ಭವ ಪಾಖಿ ಹ್ರಸ್ವ. ಹಸ್ತೀ ದೀರ್ಘ, ಹಾತಿ ಹ್ರಸ್ವ. ಪೂರ್ಬ ದೀರ್ಘ, ಪುಬ ಹ್ರಸ್ವ. ಕೋಲ್ಕತ್ತದಲ್ಲಿ ಶರತ್ಕಾಲದಲ್ಲಿ ಊರೆಲ್ಲ ಕಾಣುವ ಪದವನ್ನೇ ನೋಡಿ: ಪೂಜಾ ಅಂತ ಬರೆದರೆ ದೀರ್ಘ, ಮಾತಿನ ರೂಪ ಪುಜೋ ಬರೆದರೆ ಹ್ರಸ್ವ. ಎರಡೂ ಸರಿ. ಅದರ ಪಕ್ಕದಲ್ಲೇ ದುರ್ಗಾ ಅನ್ನೋದನ್ನು ‘ದೂರ್ಗಾ’ ಅಂತ ಬರೆದ ಬ್ಯಾನರ್ ಕಂಡರೆ ಮಗಳಿಗೆ ತೋರಿಸಿ. ಅದು ಬಂಗಾಳಿಗಳೇ ಮಾಡುವ ಬಲು ಹಳೆಯ ತಪ್ಪು. ದುರ್ಗಾ, ದುರ್ಘಟನಾ, ದುರ್ನೀತಿ ಎಲ್ಲದರಲ್ಲೂ ಇರುವುದು ‘ದುರ್’ ಅನ್ನೋ ಉಪಸರ್ಗ, ಅದು ಹ್ರಸ್ವ. ದೂರ ಅಂತ ಅರ್ಥ ಬರುವ ದೂರದರ್ಶನದಂಥ ಪದದಲ್ಲಿ ಮಾತ್ರ ದೀರ್ಘ. ಕನ್ನಡದಲ್ಲಿ ಓದಿದ ಹುಡುಗಿಗೆ ಇದನ್ನು ಹೇಳಿಕೊಡೋದೇ ಬೇಡ, ಅಲ್ವಾ? ನಾವು ಯಾರೂ ‘ದೂರ್ಗಾ’ ಬರೆಯಲ್ಲ.

ನಿಮ್ಮ ಮನೆಯಲ್ಲೇ ಇರುವ ಅನುಕೂಲ ಅದು. ತತ್ಸಮ ಪದದ ಶ, ಷ, ಸ ಯಾವುದು ಅಂತ ಗೊತ್ತಿಲ್ಲದಿದ್ದರೆ ಕನ್ನಡದಲ್ಲಿ ಹೇಗೆ ಬರೆಯುತ್ತೀವಿ ಅಂತ ನೋಡಿದರೆ ಸಾಕು. ಭಾಷಾ, ಕೃಷಿ, ಪುರುಷ, ಶೇಷ, ದೇಶ, ದ್ವೇಷ, ಎಲ್ಲ ಹಾಗೇ. ಕೊನೆಯ ಎರಡನ್ನು ಬಂಗಾಳಿಗಳು ‘ದೇಶ್’ ಅಂತ ಒಂದೇ ಥರ ಹೇಳುತ್ತಾರೆ, ಪದದ ಮೊದಲಲ್ಲಿ ವ ಒತ್ತು ಬಂದರೆ ಅದಕ್ಕೆ ಸದ್ದೇ ಇಲ್ಲ. ಶಾಲೆಯ ಪರೀಕ್ಷೆಗಳಲ್ಲಿ ಕೇಳುವ ಇನ್ನೊಂದು ಜೋಡಿ ಪುರಸ್ಕಾರ ಮತ್ತು ಪರಿಷ್ಕಾರ. ಎರಡರಲ್ಲೂ ‘ಶ್ಕ’ ಅಂತ ಕೇಳುತ್ತೆ. ಕ್ಲಾಸಿನ ಮಕ್ಕಳೆಲ್ಲ ತಲೆ ಕೆರೆದುಕೊಳ್ಳುವಾಗ ನಿಮ್ಮವಳು ಕನ್ನಡದಲ್ಲಿ ಯೋಚಿಸಲಿ. ಹಿಂದೆ ಅ ಇದ್ದರೆ ಸ: ನಮಸ್ಕಾರ, ತಿರಸ್ಕಾರ, ಪುರಸ್ಕಾರ. ಹಿಂದೆ ಇ ಇದ್ದರೆ ಷ: ಪರಿಷ್ಕಾರ, ಬಹಿಷ್ಕಾರ, ಆವಿಷ್ಕಾರ.

ಎರಡು ಕಡೆ ಮಾತ್ರ ಕನ್ನಡ ಕೈ ಕೊಡುತ್ತೆ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನಿಮ್ಮ ಮಗಳ ತಪ್ಪುಗಳಲ್ಲಿ ಮುಂದೆಯೂ ಉಳಿಯೋದು ಇವೇ.

ಮೊದಲನೆಯದು ಪದದ ಕೊನೆಯ ಸ್ವರ. ಸಂಸ್ಕೃತದ ಪದ ಕನ್ನಡಕ್ಕೆ ಬರುವಾಗ ಕೊನೆಯ ದೀರ್ಘವನ್ನು ನಾವು ಗಿಡ್ಡ ಮಾಡಿದ್ದೇವೆ. ನದಿ, ದೇವಿ, ನಾರಿ, ಪತ್ನಿ, ಸ್ವಾಮಿ, ಮಂತ್ರಿ, ಪ್ರಾಣಿ, ವಧು ಅಂತೀವಿ. ಬಂಗಾಳಿ ಅದನ್ನು ಉಳಿಸಿಕೊಂಡಿದೆ: ನದೀ, ದೇಬೀ, ನಾರೀ, ಪತ್ನೀ, ಸ್ವಾಮೀ, ಮಂತ್ರೀ, ಪ್ರಾಣೀ, ಬಧೂ. ಹಾಗಂತ ಇಕಾರದ ಎಲ್ಲವನ್ನೂ ಎಳೆದರೆ ಅದೂ ತಪ್ಪು. ಕಬಿ, ರಬಿ, ಋಷಿ, ಮುನಿ, ಶಕ್ತಿ, ಬುದ್ಧಿ ಅಲ್ಲೂ ಹ್ರಸ್ವವೇ.

ಬೇರ್ಪಡಿಸೋದು ಹೇಗೆ? ಕನ್ನಡದ್ದೇ ಪದ ಇಟ್ಟುಕೊಂಡು ಪರೀಕ್ಷೆ ಮಾಡಬಹುದು. ಕೊನೆಯ ಇ ತೆಗೆದು ಅ ಹಾಕಿ ನೋಡಿ. ಯೋಗ–ಯೋಗಿ, ಜ್ಞಾನ–ಜ್ಞಾನಿ, ಪ್ರಾಣ–ಪ್ರಾಣಿ, ಮಂತ್ರ–ಮಂತ್ರಿ. ‘ಅದು ಇರುವವನು’ ಅನ್ನೋ ಅರ್ಥ ಬಂದರೆ ಬಂಗಾಳಿಯಲ್ಲಿ ದೀರ್ಘ. ದೇವ–ದೇವಿ, ಕುಮಾರ–ಕುಮಾರಿ ಅನ್ನೋ ಹಾಗೆ ಗಂಡಿಗೆ ಹೆಣ್ಣು ಜೋಡಿಯಾದರೂ ದೀರ್ಘ. ನದಿಯೂ ಇದೇ ಗುಂಪು. ಬ್ರಹ್ಮಪುತ್ರ, ದಾಮೋದರದಂಥ ಗಂಡು ಹೆಸರಿನ ಹೊಳೆಗಳನ್ನು ಬಂಗಾಳಿಗಳು ಇವತ್ತಿಗೂ ‘ನದ’ ಅಂತಲೇ ಬರೆಯುತ್ತಾರೆ. ಈ ಎರಡರಲ್ಲೂ ಬೀಳದ ಕವಿ, ಮುನಿ, ಋಷಿ ಹ್ರಸ್ವ. ಗತಿ, ಶಕ್ತಿ, ಸೃಷ್ಟಿ, ಬುದ್ಧಿ ಥರ ಕೆಲಸದ ಅಥವಾ ಗುಣದ ಹೆಸರೂ ಹ್ರಸ್ವ. ಭೂಮಿ, ರಾತ್ರಿ ಹೆಣ್ಣುಪದಗಳಾದರೂ ಹ್ರಸ್ವ. ಅವನ್ನು ಸುಮ್ನೆ ನೆನಪಿಟ್ಟುಕೊಳ್ಳಬೇಕು.

ಇಲ್ಲೊಂದು ಕೊಕ್ಕೆ ಇದೆ. ಮಂತ್ರೀ ದೀರ್ಘ, ಆದರೆ ಸಮಾಸವಾದಾಗ ಮಂತ್ರಿಸಭಾ ಹ್ರಸ್ವ. ಪ್ರಾಣೀ ದೀರ್ಘ, ಪ್ರಾಣಿಬಿದ್ಯಾ ಹ್ರಸ್ವ. ಪ್ರತಿಯೋಗೀ ದೀರ್ಘ, ಪ್ರತಿಯೋಗಿತಾ ಹ್ರಸ್ವ. ಅದೇ ನದೀ ಮಾತ್ರ ನದೀತೀರದಲ್ಲೂ ದೀರ್ಘವಾಗೇ ಉಳಿಯುತ್ತೆ. ಬಂಗಾಳಿ ಪತ್ರಿಕೆಗಳಲ್ಲಿ ‘ಮಂತ್ರೀಸಭಾ’ ಅಂತ ದೀರ್ಘವೂ ಕಾಣೋದುಂಟು. ನಮಗೆ ಇದು ಕಷ್ಟವಲ್ಲ, ಯಾಕೆಂದರೆ ಸಮಾಸದಲ್ಲಿ ಕನ್ನಡವೂ ಹಳೆಯ ರೂಪ ಉಳಿಸಿಕೊಂಡಿದೆ. ನಾವು ಮಂತ್ರಿಮಂಡಲ, ಪ್ರಾಣಿಶಾಸ್ತ್ರ ಅಂತೀವಿ, ಆದರೆ ನದೀತೀರ ಅಂತೀವಿ. ಸಮಾಸ ಬಂದಾಗ ಕನ್ನಡ ನಂಬಿ, ಒಂಟಿ ಪದ ಬಂದಾಗ ನಂಬಬೇಡಿ. ಬಂಗಾಳಿಯ ಸ್ವಂತ ಪ್ರತ್ಯಯ ಸೇರಿದರೆ ಇದು ಅನ್ವಯಿಸಲ್ಲ: ಮಂತ್ರೀರ (ಮಂತ್ರಿಯ), ನದೀರ (ನದಿಯ) ದೀರ್ಘವೇ.

ಎರಡನೆಯದು ಪಾರಸಿ, ಅರಬಿ, ಇಂಗ್ಲಿಷ್ ಪದಗಳು. ನಾವು ಖುಷಿ, ಪೋಷಾಕು, ಷರತ್ತು ಅಂತ ಷಕಾರ ಹಾಕಿಬಿಡುತ್ತೀವಿ. ಬಂಗಾಳಿಯಲ್ಲಿ ವಿದೇಶಿ ಪದಕ್ಕೆ ಷ ಹಾಕಲೇಬಾರದು ಅಂತ ನಿಯಮ. ಅಲ್ಲಿ ಖುಶಿ, ಪೋಶಾಕ, ಶರ್ತ. ಮೂಲದಲ್ಲಿ ಶ ಸದ್ದಿದ್ದರೆ ಶ, ಸ ಸದ್ದಿದ್ದರೆ ಸ: ಚಶಮಾ, ಪೇನಶನ ಒಂದು ಕಡೆ, ಆಸಲ, ಜಿನಿಸ ಇನ್ನೊಂದು ಕಡೆ. ಸ್ಟೇಶನ ಅನ್ನೋದನ್ನು ಹಳೆಯ ಬೋರ್ಡುಗಳಲ್ಲಿ ‘ಷ್ಟೇಶನ’ ಅಂತ ಬರೆಯುತ್ತಿದ್ದರು, ಈಗ ಸ್ಟ. ಸದ್ದು ಗೊತ್ತಿಲ್ಲದಿದ್ದರೆ ಇಂಗ್ಲಿಷ್ ಅಥವಾ ಹಿಂದಿ ರೂಪ ನೆನಪಿಸಿಕೊಳ್ಳೋದು ಒಳ್ಳೆಯ ಉಪಾಯ. ಗೋಮಸ್ತಾ ಥರ ಕೆಲವು ದಾರಿ ತಪ್ಪಿವೆ. ಪಾರಸಿಯಲ್ಲಿ ಅದಕ್ಕೆ ಶ ಇತ್ತು, ಆದರೆ ಬಂಗಾಳಿಯಲ್ಲೂ ನಮ್ಮ ಗುಮಾಸ್ತನಲ್ಲೂ ಅದು ಸ ಆಗಿದೆ.

ಈಗ ನಿಮ್ಮ ಮಗಳ ವಾಕ್ಯಕ್ಕೆ ಬರೋಣ. ಸರಿಯಾದ ರೂಪ: ‘ಶೀತಕಾಲೆ ಮಾಸಿರ ಬಾಡಿ ಥೇಕೆ ಆಸಾರ ಸಮಯ ನದೀರ ಕೂಲೆ ಏಕಟಾ ಸಾಪ ದೇಖೆಛಿ.’ ಚಳಿಗಾಲದಲ್ಲಿ ಮಾಸಿಯ (ಅಮ್ಮನ ಅಕ್ಕ ಅಥವಾ ತಂಗಿ) ಮನೆಯಿಂದ ಬರುವಾಗ ನದಿ ದಡದಲ್ಲಿ ಹಾವು ನೋಡಿದ್ದೇನೆ ಅಂತ.

ಶೀತ ಮತ್ತು ಸಮಯ ತತ್ಸಮ, ಕನ್ನಡದಲ್ಲಿ ಬರೆದ ಹಾಗೇ ಬರೆದಿದ್ದರೆ ಸರಿ ಹೋಗುತ್ತಿತ್ತು. ನದೀರ ಬಗ್ಗೆ ಹೇಳಿದ್ದಾಯಿತು. ಕೂಲ ಅಂದರೆ ದಡ. ಅವಳು ಬರೆದ ‘ಕುಲ’ ಅಂದರೆ ವಂಶ. ಈ ಪದ ಕನ್ನಡದಲ್ಲಿ ಒಂಟಿಯಾಗಿ ಬಳಕೆ ಕಡಿಮೆ, ಆದರೆ ಅನುಕೂಲ, ಪ್ರತಿಕೂಲದೊಳಗೆ ಕೂತಿದೆ. ಅವೆರಡನ್ನು ಹೇಳಿಸಿದರೆ ದೀರ್ಘ ತಾನಾಗಿ ನೆನಪಾಗುತ್ತೆ.

ಸಾಪ ತದ್ಭವ, ಮೂಲ ಸರ್ಪ. ತದ್ಭವ ಪದದಲ್ಲಿ ಸಾಮಾನ್ಯವಾಗಿ ಮೂಲ ಸಂಸ್ಕೃತದ ಶ, ಷ, ಸವನ್ನೇ ಉಳಿಸಬೇಕು ಅಂತ 1936ರ ನಿಯಮವೇ ಹೇಳುತ್ತೆ. ಮಶಕದಿಂದ ಮಶಾ (ಸೊಳ್ಳೆ), ಸರ್ಪದಿಂದ ಸಾಪ. ಅವಳು ಬರೆದ ‘ಶಾಪ’ ಅಂದರೆ ನಮ್ಮ ಶಾಪವೇ. ನದಿ ದಡದಲ್ಲಿ ಶಾಪ ನೋಡಿದೆ ಅಂತ ಓದಿ ಟೀಚರ್ ನಕ್ಕಿರಬೇಕು. ಮಾಸಿ ಕೂಡ ತದ್ಭವ, ಅದಕ್ಕೇ ಹ್ರಸ್ವ. ಮೂಲ ಮಾತೃಷ್ವಸೃ. ಅದರಲ್ಲಿ ಷ, ಸ ಎರಡೂ ಇವೆ, ಆದ್ದರಿಂದ ಮೂಲ ನೋಡಿದರೂ ಮಗುವಿಗೆ ಉಪಯೋಗವಿಲ್ಲ. ಮಾಸಿ, ಪಿಸಿ (ಸೋದರತ್ತೆ) ಜೊತೆಯಾಗಿ ದಂತ್ಯ ಸ ಅಂತ ಬಾಯಿಪಾಠ ಮಾಡಿಸಿ. ಬಾಡಿ ಅವಳು ಸರಿಯಾಗೇ ಬರೆದಿದ್ದಾಳೆ, ತದ್ಭವ, ಹ್ರಸ್ವ.

ಆಸಾ ಅಂದರೆ ಬರುವುದು. ಈ ಕ್ರಿಯಾಪದ ಎಲ್ಲ ರೂಪದಲ್ಲೂ ದಂತ್ಯ ಸ. ತಾಲಬ್ಯ ಶ ಹಾಕಿದ ಆಶಾ ಅಂದರೆ ಆಸೆ, ಭರವಸೆ. ಕನ್ನಡದ ‘ಆಸೆ’ ಇಲ್ಲಿ ದಾರಿ ತಪ್ಪಿಸುತ್ತೆ, ಹುಷಾರು. ಹೀಗೆ ಕ್ರಿಯಾಪದಗಳ ಚಿಕ್ಕ ಪಟ್ಟಿಯೊಂದನ್ನು ಬೇರೆಯಾಗಿ ಕಲಿಸೋದು ಒಳ್ಳೇದು: ಆಸಾ (ಬರು), ಬಸಾ (ಕೂರು), ಹಾಸಾ (ನಗು), ಭಾಸಾ (ತೇಲು) ದಂತ್ಯ ಸ. ಶೋನಾ (ಕೇಳು), ಶೇಖಾ (ಕಲಿ), ಮೇಶಾ (ಬೆರೆ) ತಾಲಬ್ಯ ಶ. ದಿನಬಳಕೆಯ ಕ್ರಿಯಾಪದಗಳು ಕೆಲವೇ, ವಾಕ್ಯ ವಾಕ್ಯಕ್ಕೂ ಬರುತ್ತವೆ. ಇವಿಷ್ಟು ಕೈಗೆ ಬಂದರೆ ಕೆಂಪು ಶಾಯಿ ಗಣನೀಯವಾಗಿ ಇಳಿಯುತ್ತೆ.

ತತ್ಸಮವಲ್ಲದ ಪದಕ್ಕೆ ದೀರ್ಘ ಬೇಡ ಅಂದೆನಲ್ಲ, ಅದಕ್ಕೆ ಒಂದು ಮುಖ್ಯ ಅಪವಾದ ಇದೆ, ನಿಮ್ಮ ಮಗಳಿಗೆ ದಿನಾ ಬೇಕಾಗುವಂಥದ್ದು. ‘ತುಮಿ ಕಿ ಖಾಬೆ?’ ಅಂತ ಹ್ರಸ್ವ ಬರೆದರೆ ‘ನೀನು ತಿಂತೀಯಾ?’ ಅಂತ ಅರ್ಥ, ಉತ್ತರ ಹೌದು ಅಥವಾ ಇಲ್ಲ. ‘ತುಮಿ ಕೀ ಖಾಬೆ?’ ಅಂತ ದೀರ್ಘ ಬರೆದರೆ ‘ಏನು ತಿಂತೀಯ?’ ಅಂತ. ಈ ಭೇದ ಬೇಕು ಅಂತ ಗಟ್ಟಿಯಾಗಿ ವಾದಿಸಿದವರಲ್ಲಿ ರವೀಂದ್ರನಾಥರೂ ಒಬ್ಬರು. ನಮಗಿದು ಬಲು ಸುಲಭ. ಕನ್ನಡಕ್ಕೆ ತಂದುಕೊಂಡಾಗ ಕ್ರಿಯಾಪದದ ಕೊನೆಗೆ ಆ ಬಂದರೆ ಹ್ರಸ್ವ, ‘ಏನು’ ಬಂದರೆ ದೀರ್ಘ.

ಕೊನೆಯದಾಗಿ ನಿಘಂಟಿನ ವಿಷಯ. ಯಾರಾದರೂ ಪ್ರೀತಿಯಿಂದ ಹಳೆಯ ನಿಘಂಟು ಕೊಟ್ಟರೆ ತಗೊಳ್ಳಿ, ಆದರೆ ಕಾಗುಣಿತ ನೋಡೋಕೆ ಬಳಸಬೇಡಿ. ಅದರಲ್ಲಿ ಬಾಡೀ, ಪಾಖೀ, ಶಾಡೀ ಅಂತ ದೀರ್ಘ ಇರುತ್ತೆ, ಅದು ಆಗಿನ ಕಾಲಕ್ಕೆ ಒಪ್ಪಿತ ರೂಪ. ಅಜ್ಜ ಅಜ್ಜಿಯರು ಈಗಲೂ ಹಾಗೇ ಬರೆಯುತ್ತಾರೆ. ಶ್ರೇಣಿ (ತರಗತಿ) ಥರ ಸಂಸ್ಕೃತದಲ್ಲೇ ಎರಡೂ ರೂಪ ಇರುವ ಪದಗಳೂ ಮೊದಲು ದೀರ್ಘವಾಗಿದ್ದವು, ಈಗ ಹ್ರಸ್ವ. ಢಾಕಾದ ಅಕಾಡೆಮಿ ತನ್ನ ಹೆಸರಿನ ಕೊನೆಯ ದೀರ್ಘವನ್ನೇ 2013ರ ಕಾಯ್ದೆಯಲ್ಲಿ ಹ್ರಸ್ವ ಮಾಡಿಕೊಂಡಿತು. ‘ಈದ್’ ಹಬ್ಬದ ಹೆಸರಿಗೂ ಹ್ರಸ್ವ ಹಾಕಬೇಕಾ ಅನ್ನೋದರ ಮೇಲೆ 2017ರಲ್ಲಿ ಅಲ್ಲಿ ದೊಡ್ಡ ಗಲಾಟೆಯೇ ಆಯಿತು. ನಿಮಗೆ ಬೇಕಾದ್ದು ಕೋಲ್ಕತ್ತದ ಶಾಲೆಯ ರೂಢಿ. ಪಶ್ಚಿಮಬಂಗ ಬಾಂಗ್ಲಾ ಅಕಾಡೆಮಿಯ ‘ಆಕಾದೇಮಿ ಬಾನಾನ ಅಭಿಧಾನ’ ಅನ್ನೋ ಕಾಗುಣಿತದ ನಿಘಂಟನ್ನು ಕಾಲೇಜ್ ಸ್ಟ್ರೀಟ್‌ನ ಪುಸ್ತಕದ ಅಂಗಡಿಗಳಲ್ಲಿ ಕೇಳಿ. ಪಠ್ಯಪುಸ್ತಕಕ್ಕೂ ಅದಕ್ಕೂ ಎಲ್ಲಾದರೂ ವ್ಯತ್ಯಾಸ ಕಂಡರೆ ಪಠ್ಯಪುಸ್ತಕದ ಹಾಗೇ ಬರೆಯಲಿ, ಅಂಕ ಹಾಕೋರು ಅದನ್ನೇ ನೋಡೋದು.